ವಿಪಿಎನ್ ಹಾಕಿದ್ದಕ್ಕೆ ಅಕೌಂಟ್ ಲಾಕ್ ಆಯಿತಾ? ಅದು ನೀವೇ ಎಂದು ತೋರಿಸುವುದು ಹೀಗೆ

ವಿಮಾನ ನಿಲ್ದಾಣದಲ್ಲಿ ಕೂತಿದ್ದೆ. ಅಲ್ಲಿನ ವೈಫೈಗೆ ಸೇರಿ, ವಿಪಿಎನ್ ಆನ್ ಮಾಡಿ, ಆಮೇಲೆ ಮೇಲ್ ತೆಗೆಯಲು ಹೋದೆ. ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೆ. ಆದರೂ ‘ಅಸಾಮಾನ್ಯ ಲಾಗಿನ್ ಕಂಡುಬಂದಿದೆ, ಇದು ನೀವೇ ಎಂದು ದೃಢಪಡಿಸಿ’ ಎಂದು ಬಂತು. ಗಾಬರಿಯಾಯಿತು. ವಿಪಿಎನ್‌ನಲ್ಲಿ ಬೇರೆ ದೇಶ ಆರಿಸಿ ಮತ್ತೆ ಲಾಗಿನ್ ಮಾಡಿದೆ. ಆಗಲಿಲ್ಲ. ಮೂರನೇ ದೇಶ ಆರಿಸಿದೆ. ಆಮೇಲೆ ಇನ್‌ಕಾಗ್ನಿಟೋದಲ್ಲಿ ಒಂದು ಸಲ, ಪಕ್ಕದಲ್ಲಿದ್ದ ಸ್ನೇಹಿತೆಯ ಫೋನಿನಲ್ಲಿ ಒಂದು ಸಲ. ಹದಿನೈದು ನಿಮಿಷದಲ್ಲಿ ಐದು ಪ್ರಯತ್ನ. ಆರನೆಯದಕ್ಕೆ ‘ತುಂಬಾ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಸಮಯ ಬಿಟ್ಟು ಬನ್ನಿ’ ಎಂದು ಬಂದು, ಬಾಗಿಲು ಪೂರ್ತಿ ಮುಚ್ಚಿತು.

ಮೊದಲ ಎಚ್ಚರಿಕೆ ಬಂದಾಗ ಸುಮ್ನೆ ಇದ್ದಿದ್ದರೆ ಆ ಅಕೌಂಟ್ ಅಷ್ಟು ಹೊತ್ತು ಲಾಕ್ ಆಗುತ್ತಿರಲಿಲ್ಲ ಅಂತ ಈಗ ಗೊತ್ತಿದೆ. ಆ ಒಂದು ಪ್ರಸಂಗವನ್ನೇ ಹಿಡಿದು, ಏನಾಗುತ್ತದೆ, ಯಾವ ಕ್ರಮದಲ್ಲಿ ಏನು ಮಾಡಬೇಕು ಎಂದು ಹೇಳುತ್ತೇನೆ. ನಾನು ಮೇಲ್ ಅಕೌಂಟಿನ ಮಾತು ಆಡುತ್ತಿದ್ದರೂ ಬೇರೆ ಅಕೌಂಟ್‌ಗಳಲ್ಲೂ ದಾರಿ ಹೆಚ್ಚುಕಡಿಮೆ ಇದೇ.

ಆ ಕಡೆಯಿಂದ ನೀವು ಹೇಗೆ ಕಾಣುತ್ತೀರಿ

ಲಾಗಿನ್ ಪರೀಕ್ಷಿಸುವ ವ್ಯವಸ್ಥೆಗೆ ನಿಮ್ಮ ಮುಖ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮುಖ್ಯವಾಗಿ ಮೂರು ಸಂಗತಿ. ಯಾವ ಐಪಿ ವಿಳಾಸದಿಂದ ಬಂದಿರಿ, ಯಾವ ಸಾಧನ ಮತ್ತು ಬ್ರೌಸರ್, ಹಿಂದಿನ ಸಲ ಎಲ್ಲಿಂದ ಯಾವಾಗ ಬಂದಿದ್ದಿರಿ. ಪಾಸ್‌ವರ್ಡ್ ಸರಿ ಇದ್ದರೂ ಈ ಮೂರು ಸಂಗತಿ ಹಳೆಯದಕ್ಕೆ ಹೊಂದದಿದ್ದರೆ ಅದಕ್ಕೆ ಅನುಮಾನ ಬರುತ್ತದೆ. ಕದ್ದ ಪಾಸ್‌ವರ್ಡ್ ಕೂಡ ಸರಿಯಾದ ಪಾಸ್‌ವರ್ಡೇ ಅಲ್ವಾ?

ವಿಪಿಎನ್ ಹಾಕಿದಾಗ ನಿಮ್ಮ ಐಪಿ ವಿಳಾಸದ ಜಾಗದಲ್ಲಿ ವಿಪಿಎನ್ ಸರ್ವರಿನ ವಿಳಾಸ ಕಾಣುತ್ತದೆ. ಆ ವಿಳಾಸ ಸಾಮಾನ್ಯವಾಗಿ ಯಾವುದೋ ಡೇಟಾ ಸೆಂಟರಿನದು, ಮನೆಯ ಸಂಪರ್ಕದ್ದಲ್ಲ. ಯಾವ ಐಪಿ ಸಾಲು ಯಾವ ಕಂಪನಿಗೆ ಸೇರಿದ್ದು ಎಂಬುದು ಗುಟ್ಟೇನಲ್ಲ. ಹಾಗಾಗಿ ‘ಈ ಮನುಷ್ಯ ಡೇಟಾ ಸೆಂಟರಿನಿಂದ ಯಾಕೆ ಮೇಲ್ ನೋಡುತ್ತಿದ್ದಾನೆ’ ಎಂಬ ಪ್ರಶ್ನೆ ಏಳುವುದು ಸುಲಭ. ಮೇಲಾಗಿ ಅದೇ ವಿಳಾಸವನ್ನು ಅದೇ ಹೊತ್ತಿಗೆ ಇನ್ನೂ ಎಷ್ಟೋ ಜನ ಬಳಸುತ್ತಿರುತ್ತಾರೆ. ಅವರಲ್ಲೊಬ್ಬ ಕದ್ದ ಪಾಸ್‌ವರ್ಡ್‌ಗಳನ್ನು ಪರೀಕ್ಷಿಸುತ್ತಿದ್ದರೆ ಆ ವಿಳಾಸದ ಹೆಸರೇ ಕೆಡುತ್ತದೆ, ಪೆಟ್ಟು ನಿಮಗೂ ಬೀಳುತ್ತದೆ. ಸಾರ್ವಜನಿಕ ವೈಫೈನಲ್ಲೂ ಹೀಗೆಯೇ. ನೂರಾರು ಫೋನುಗಳು ಹೊರಗಿನ ಜಗತ್ತಿಗೆ ಒಂದೇ ವಿಳಾಸವಾಗಿ ಕಾಣುತ್ತವೆ.

ಇನ್ನು ದೂರದ ಲೆಕ್ಕ. ಬೆಳಿಗ್ಗೆ ಮನೆಯಿಂದ ಮೇಲ್ ನೋಡಿದ್ದೀರಿ. ಎರಡು ಗಂಟೆ ಬಿಟ್ಟು ಇನ್ನೊಂದು ಖಂಡದಿಂದ ಬಂದಂತೆ ಕಂಡರೆ, ಅಷ್ಟು ಬೇಗ ಯಾರೂ ಅಲ್ಲಿಗೆ ತಲುಪಲಾರರು ಎಂದು ವ್ಯವಸ್ಥೆ ಲೆಕ್ಕ ಹಾಕುತ್ತದೆ. ನಾನು ಹದಿನೈದು ನಿಮಿಷದಲ್ಲಿ ಮೂರು ದೇಶ, ಎರಡು ಸಾಧನ ಬದಲಿಸಿದ್ದೆ. ಆ ಕಡೆಯಿಂದ ನೋಡಿದರೆ ಅದು ಕಳ್ಳನ ನಡೆಯೇ. ನೀವೇ ಎಂದು ತೋರಿಸುವುದು ಎಂದರೆ ಬಹುಪಾಲು ಈ ಪರಿಚಯದ ಗುರುತುಗಳನ್ನು ವಾಪಸ್ ತಂದು ಮುಂದಿಡುವುದೇ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ ಇರುವುದು.

ಮೊದಲು: ಎಚ್ಚರಿಕೆ ನಿಜವಾ, ಲಾಗಿನ್ ನಿಮ್ಮದೇನಾ

ಎಚ್ಚರಿಕೆ ಮೇಲ್‌ನಲ್ಲೋ ಮೆಸೇಜ್‌ನಲ್ಲೋ ಬಂದಿದ್ದರೆ ಅದರೊಳಗಿನ ಲಿಂಕ್ ಒತ್ತಬೇಡಿ. ‘ನಿಮ್ಮ ಅಕೌಂಟ್ ಲಾಕ್ ಆಗಿದೆ’ ಎನ್ನುವುದು ಪಾಸ್‌ವರ್ಡ್ ಕದಿಯುವವರಿಗೆ ಬಹಳ ಇಷ್ಟದ ವಾಕ್ಯ. ಬ್ರೌಸರ್ ತೆರೆದು ಸೇವೆಯ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. ನಿಜವಾದ ಎಚ್ಚರಿಕೆಯಾದರೆ ಅಲ್ಲೂ ಕಾಣುತ್ತದೆ.

ಆಮೇಲೆ ಎಚ್ಚರಿಕೆಯಲ್ಲಿ ಹೇಳಿದ ಸಮಯವನ್ನು ನೋಡಿ. ಊರನ್ನಲ್ಲ, ಸಮಯವನ್ನು. ವಿಪಿಎನ್ ಇದ್ದರೆ ಊರು ಸರ್ವರ್ ಇರುವ ಕಡೆಯದ್ದಾಗಿರುತ್ತದೆ, ನೀವು ಯಾವತ್ತೂ ಕಾಲಿಡದ ಊರಾಗಿದ್ದರೂ ಹೆದರಬೇಕಿಲ್ಲ. ಸಮಯ ಮತ್ತು ಸಾಧನ ನಿಮ್ಮದಕ್ಕೆ ಹೊಂದುತ್ತದಾ ಎಂಬುದು ಮುಖ್ಯ. ನೀವು ಮಲಗಿದ್ದ ಹೊತ್ತಿನಲ್ಲಿ, ನೀವು ಬಳಸದ ಫೋನಿನಿಂದ ಲಾಗಿನ್ ಆಗಿದ್ದರೆ ಅದು ವಿಪಿಎನ್ ಸಮಸ್ಯೆಯಲ್ಲ, ಯಾರೋ ನುಗ್ಗಿದ್ದಾರೆ. ಆಗ ‘ನಾನಲ್ಲ’ ಎಂದು ಒತ್ತಿ, ಪಾಸ್‌ವರ್ಡ್ ಬದಲಿಸುವ ದಾರಿ ಹಿಡಿಯಬೇಕು.

ಎರಡನೆಯದು: ಕೈ ತಡೆಯಿರಿ

ಇದು ತೀರಾ ಕಷ್ಟದ ಹೆಜ್ಜೆ. ಪದೇ ಪದೇ ಪ್ರಯತ್ನಿಸಿದಷ್ಟೂ ಅನುಮಾನ ಜಾಸ್ತಿಯಾಗುತ್ತದೆ, ಕಾಯುವ ಸಮಯವೂ ಉದ್ದವಾಗಬಹುದು. ವಿಪಿಎನ್ ದೇಶ ಬದಲಿಸುವುದು, ಇನ್‌ಕಾಗ್ನಿಟೋ ತೆರೆಯುವುದು, ಬೇರೆಯವರ ಫೋನ್ ಕೇಳುವುದು, ಕುಕಿ ಅಳಿಸುವುದು, ಇವು ನಾಲ್ಕೂ ಬೇಡ. ಮುಖ್ಯವಾಗಿ ಕುಕಿ. ‘ಬ್ರೌಸರ್ ಸ್ವಚ್ಛ ಮಾಡಿ ನೋಡಿ’ ಎಂಬ ಸಲಹೆ ಬೇರೆ ಕಡೆ ಕೆಲಸಕ್ಕೆ ಬರಬಹುದು, ಇಲ್ಲಿ ಅದು ಹಾನಿ ಮಾಡುತ್ತದೆ. ಹಿಂದೆ ಇದೇ ಬ್ರೌಸರ್‌ನಲ್ಲಿ ನೀವು ಲಾಗಿನ್ ಆಗಿದ್ದಿರಿ ಎಂಬ ಗುರುತು ಇರುವುದು ಆ ಕುಕಿಯಲ್ಲೇ. ಅದನ್ನು ಅಳಿಸಿದರೆ ಹಳೆಯ ಲ್ಯಾಪ್‌ಟಾಪ್ ಕೂಡ ಹೊಸದರಂತೆ ಕಾಣುತ್ತದೆ.

ಎಲ್ಲಾದರೂ ಇನ್ನೂ ಲಾಗಿನ್ ಆಗಿಯೇ ಉಳಿದ ಸಾಧನ ಇದೆಯಾ ಎಂದು ಯೋಚಿಸಿ. ಮನೆಯ ಕಂಪ್ಯೂಟರ್, ಹಳೆಯ ಟ್ಯಾಬ್ಲೆಟ್, ಯಾವುದಾದರೂ ಸರಿ. ಇದ್ದರೆ ಅಲ್ಲಿ ಲಾಗೌಟ್ ಮಾಡಬೇಡಿ. ಅಕೌಂಟಿನ ಭದ್ರತೆಯ ಪುಟದಲ್ಲಿ ‘ಇದು ನೀವೇನಾ’ ಎಂಬ ಪ್ರಶ್ನೆ ಕಾದಿರಬಹುದು. ಅಲ್ಲಿ ‘ಹೌದು, ನಾನೇ’ ಎಂದು ಒಂದು ಸಲ ಒತ್ತಿದರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಮೂರನೆಯದು: ಪರಿಚಯದ ದಾರಿಗೆ ಬನ್ನಿ

ವಿಪಿಎನ್ ಪೂರ್ತಿ ಆಫ್ ಮಾಡಿ. ಆ್ಯಪ್ ಮುಚ್ಚಿದರೆ ಸಾಲದು, ಸಂಪರ್ಕ ಕಡಿದಿದೆಯಾ ನೋಡಿಕೊಳ್ಳಿ. ಕೆಲವು ಬ್ರೌಸರ್‌ಗಳಿಗೆ ವಿಪಿಎನ್ ಎಕ್ಸ್‌ಟೆನ್ಷನ್ ಬೇರೆಯೇ ಇರುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಿಪಿಎನ್ ಯಾವಾಗಲೂ ಆನ್ ಇರಲಿ ಎಂದು ಆರಿಸಿಟ್ಟಿದ್ದರೆ ಅದು ತಾನಾಗಿಯೇ ಮತ್ತೆ ಶುರುವಾಗುತ್ತದೆ. ಅನುಮಾನವಿದ್ದರೆ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಈ ಸಾಲು ಕೊಡಿ:

```
curl https://ifconfig.me
```

ಹೊರಗಿನವರಿಗೆ ಕಾಣುವ ನಿಮ್ಮ ಐಪಿ ವಿಳಾಸವನ್ನು ಇದು ತೋರಿಸುತ್ತದೆ. ವಿಪಿಎನ್ ಆನ್ ಇದ್ದಾಗ ಒಮ್ಮೆ, ಆಫ್ ಮಾಡಿ ಒಮ್ಮೆ ನೋಡಿ. ಎರಡೂ ಒಂದೇ ಬಂದರೆ ವಿಪಿಎನ್ ಇನ್ನೂ ಹೋಗಿಲ್ಲ ಎಂದರ್ಥ. ವಿಪಿಎನ್ ಇರುವುದು ಬ್ರೌಸರಿನ ಎಕ್ಸ್‌ಟೆನ್ಷನ್‌ನಲ್ಲಾದರೆ ಟರ್ಮಿನಲ್‌ಗೆ ಅದು ಕಾಣುವುದಿಲ್ಲ, ಆಗ ಇದೇ ವಿಳಾಸವನ್ನು ಬ್ರೌಸರ್‌ನಲ್ಲೇ ತೆರೆದು ನೋಡಿ. ಆನ್ ಇದ್ದಾಗ ಬಂದ ವಿಳಾಸವನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗಬಹುದು.

ಮನೆಯ ಸಂಪರ್ಕಕ್ಕೆ ಹೋಗುವ ಹಾಗಿದ್ದರೆ ಅದೇ ಒಳ್ಳೆಯದು. ಅದು ದೂರವಿದ್ದರೆ ಸಾರ್ವಜನಿಕ ವೈಫೈ ಬಿಟ್ಟು ನಿಮ್ಮದೇ ಫೋನಿನ ಮೊಬೈಲ್ ಡೇಟಾ ಬಳಸಿ. ಮೊಬೈಲ್ ಜಾಲದಲ್ಲೂ ಒಂದು ವಿಳಾಸವನ್ನು ಹಲವರು ಹಂಚಿಕೊಳ್ಳುತ್ತಾರೆ, ನಿಜ. ಆದರೆ ದಿನವೂ ನೀವು ಅದೇ ಜಾಲದಿಂದ ಮೇಲ್ ನೋಡುತ್ತಿದ್ದರೆ ಅದು ನಿಮ್ಮ ಹಳೆಯ ದಾಖಲೆಗೆ ಹೊಂದುತ್ತದೆ.

ಜಾಲದಷ್ಟೇ ಮುಖ್ಯ ಸಾಧನ. ತಿಂಗಳುಗಟ್ಟಲೆ ಈ ಅಕೌಂಟ್ ತೆರೆದ ಲ್ಯಾಪ್‌ಟಾಪ್ ಅಥವಾ ಫೋನ್, ಅದೇ ಬ್ರೌಸರ್, ಮಾಮೂಲಿ ಕಿಟಕಿ. ಗೂಗಲ್ ತನ್ನ ಅಕೌಂಟ್ ವಾಪಸಾತಿಯ ಸಹಾಯ ಪುಟದಲ್ಲಿ ಹೇಳುವುದೂ ಇದನ್ನೇ: ಸಾಮಾನ್ಯವಾಗಿ ಬಳಸುವ ಸಾಧನ, ಬಳಸುವ ಬ್ರೌಸರ್, ಲಾಗಿನ್ ಆಗುವ ಜಾಗ.

ಕೆಲವರಿಗೆ ವಿಪಿಎನ್ ಬಿಡುವ ಹಾಗೇ ಇರುವುದಿಲ್ಲ, ಇರುವ ಕಡೆ ಅದಿಲ್ಲದೆ ಮೇಲ್ ಸೇವೆಯೇ ಸಿಗದಿರಬಹುದು. ಹಾಗಿದ್ದರೆ ನೀವು ಮಾಮೂಲಾಗಿ ಲಾಗಿನ್ ಆಗುವ ದೇಶದ ಒಂದೇ ಸರ್ವರ್ ಆರಿಸಿ, ಕೊನೆಯವರೆಗೆ ಅದನ್ನು ಬದಲಿಸಬೇಡಿ.

ನಾಲ್ಕನೆಯದು: ಒಂದೇ ಸಲ, ಗಟ್ಟಿ ಸಾಕ್ಷಿಯಿಂದ

‘ತುಂಬಾ ಸಲ ಪ್ರಯತ್ನಿಸಿದ್ದೀರಿ’ ಎಂದು ಬಂದಿದ್ದರೆ ಒಂದು ದಿನ ಬಿಡಿ. ಆಮೇಲೆ ಪಾಸ್‌ವರ್ಡ್ ಹಾಕಿ. ಮುಂದೆ ಸಾಕ್ಷಿ ಕೇಳಿದಾಗ ಪರದೆಯ ಮೇಲೆ ಮೊದಲು ಬಂದದ್ದನ್ನೇ ಹಿಡಿಯಬೇಕೆಂದಿಲ್ಲ. ‘Try another way’ ಎಂದಿರುವುದನ್ನು ಒತ್ತಿದರೆ ಬೇರೆ ದಾರಿಗಳು ತೆರೆಯುತ್ತವೆ. ಅವುಗಳಲ್ಲಿ ನಿಮ್ಮ ಹತ್ತಿರ ಇರುವ ಗಟ್ಟಿಯಾದದ್ದನ್ನು ಆರಿಸಿ.

ಪಾಸ್‌ಕೀ ಅಥವಾ ಭದ್ರತಾ ಕೀ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮುಂದಿನದು ಲಾಗಿನ್ ಇರುವ ಇನ್ನೊಂದು ಫೋನಿಗೆ ಬರುವ ‘ಹೌದು, ನಾನೇ’ ಸೂಚನೆ. ಆಮೇಲೆ ಅಥೆಂಟಿಕೇಟರ್ ಆ್ಯಪ್‌ನ ಆರು ಅಂಕಿ. ಅದಕ್ಕೆ ನೆಟ್‌ವರ್ಕ್ ಬೇಕಾಗಿಲ್ಲ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಸರಿಯಾದ ಅಂಕಿ ಹಾಕಿದರೂ ತಪ್ಪು ಎನ್ನುತ್ತಿದ್ದರೆ ಫೋನಿನ ಗಡಿಯಾರ ನೋಡಿ. ಆ ಅಂಕಿ ಹುಟ್ಟುವುದೇ ಸಮಯದ ಲೆಕ್ಕದಲ್ಲಿ. ಪ್ರಯಾಣದಲ್ಲಿ ಗಡಿಯಾರವನ್ನು ಕೈಯಿಂದ ತಿದ್ದಿದವರಿಗೆ ಈ ತೊಂದರೆ ಬರುವುದುಂಟು. ಸಮಯ ತಾನಾಗಿಯೇ ಹೊಂದುವಂತೆ ಸೆಟ್ಟಿಂಗ್ಸ್‌ನಲ್ಲಿ ಆರಿಸಿದರೆ ಸರಿಹೋಗುತ್ತದೆ.

ಗೂಗಲ್‌ನ ಬ್ಯಾಕಪ್ ಕೋಡ್ ಮುದ್ರಿಸಿಟ್ಟಿದ್ದರೆ ಇದೇ ಅದರ ಸಮಯ. ಒಂದು ಸೆಟ್‌ನಲ್ಲಿ 10 ಕೋಡ್, ಒಂದೊಂದೂ 8 ಅಂಕಿಯದು, ಒಂದು ಕೋಡ್ ಒಂದೇ ಸಲ ನಡೆಯುತ್ತದೆ. ಬಳಸಿದ್ದನ್ನು ಹೊಡೆದುಹಾಕಿ.

ಮೆಸೇಜ್ ಒಟಿಪಿ ಕೊನೆಯ ಆಯ್ಕೆಯಾಗಿರಲಿ, ಪ್ರಯಾಣದಲ್ಲಿ ಅದು ತಡವಾಗಿ ಬರಬಹುದು. ಬರಲಿಲ್ಲ ಎಂದು ಮತ್ತೆ ಮತ್ತೆ ಕೇಳಬೇಡಿ. ಮೂರು ಒಟಿಪಿ ಒಟ್ಟಿಗೆ ಬಂದಾಗ ಸಾಮಾನ್ಯವಾಗಿ ಕೊನೆಯದು ಮಾತ್ರ ನಡೆಯುತ್ತದೆ, ಜನ ಮೊದಲನೆಯದನ್ನು ಹಾಕಿ ‘ತಪ್ಪು’ ಎನ್ನಿಸಿಕೊಳ್ಳುತ್ತಾರೆ.

ನನ್ನ ಅಕೌಂಟ್ ವಾಪಸ್ ಬಂದದ್ದು ಈ ಹಂತದಲ್ಲೇ. ಟಿಕೆಟ್ ಆ ಮೇಲ್‌ನಲ್ಲಿತ್ತು, ಆದರೆ ಗುರುತಿನ ಚೀಟಿ ತೋರಿಸಿ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ತೆಗೆದುಕೊಂಡೆ. ಮರುದಿನ ಮನೆ ಸೇರಿದ ಮೇಲೆ ವಿಪಿಎನ್ ಆಫ್ ಮಾಡಿ ಹಳೆಯ ಲ್ಯಾಪ್‌ಟಾಪ್ ತೆರೆದೆ, ಅದೇ ಬ್ರೌಸರ್. ಪಾಸ್‌ವರ್ಡ್ ಒಂದೇ ಸಲ. ಫೋನಿಗೆ ಸೂಚನೆ ಬಂತು, ಪರದೆಯ ಮೇಲಿದ್ದ ಎರಡಂಕಿಯನ್ನೇ ಫೋನಿನಲ್ಲಿ ಒತ್ತಿದೆ. ಒಳಗೆ ಹೋಯಿತು. ಹಿಂದಿನ ದಿನ ಐದು ಸಲ ತಿರಸ್ಕರಿಸಿದ ಪಾಸ್‌ವರ್ಡೇ ಅದು.

ಐದನೆಯದು: ಯಾವ ಸಾಕ್ಷಿಯೂ ಕೈಯಲ್ಲಿಲ್ಲದಿದ್ದರೆ

ಫೋನ್ ನಂಬರ್ ಹೋಗಿದೆ, ಬ್ಯಾಕಪ್ ಕೋಡ್ ಇಲ್ಲ, ಲಾಗಿನ್ ಇರುವ ಬೇರೆ ಸಾಧನವೂ ಇಲ್ಲ. ಆಗ ಉಳಿಯುವುದು ಅಕೌಂಟ್ ವಾಪಸಾತಿಯ ಫಾರಂ. ಗೂಗಲ್‌ಗೆ `g.co/recover`, ಮೈಕ್ರೋಸಾಫ್ಟ್‌ಗೆ `account.live.com/acsr`. ಫಾರಂ ತುಂಬುವಾಗಲೂ ಮೇಲೆ ಹೇಳಿದ ಜಾಲ, ಸಾಧನ, ಬ್ರೌಸರ್ ಇರಲೇಬೇಕು. ಉತ್ತರದ ಜೊತೆ ನೀವು ಎಲ್ಲಿಂದ ತುಂಬುತ್ತಿದ್ದೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಗೂಗಲ್ ಕೇಳುವ ಪ್ರಶ್ನೆಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಖಚಿತವಿಲ್ಲದಿದ್ದರೆ ಸಮೀಪದ ಊಹೆ ಕೊಡಿ, ತಪ್ಪು ಊಹೆಗೆ ಹೊರಗೆ ಹಾಕುವುದಿಲ್ಲ ಎಂದು ಅವರೇ ಹೇಳುತ್ತಾರೆ. ಹಳೆಯ ಪಾಸ್‌ವರ್ಡ್ ಕೇಳಿದರೆ ನೆನಪಿರುವುದರಲ್ಲಿ ಇತ್ತೀಚಿನದನ್ನು ಹಾಕಿ. ಇತ್ತೀಚೆಗಷ್ಟೇ ವಾಪಸಾತಿಯ ಫೋನ್ ನಂಬರ್ ಬದಲಾಗಿದ್ದರೆ 7 ದಿನದವರೆಗೆ ಹಳೆಯ ನಂಬರಿಗೂ ಕೋಡ್ ಕಳಿಸುವ ಆಯ್ಕೆ ಸಿಗಬಹುದು.

ಮೈಕ್ರೋಸಾಫ್ಟ್ ಫಾರಂ ಇನ್ನೂ ವಿವರ ಕೇಳುತ್ತದೆ. ಇತ್ತೀಚೆಗೆ ಕಳಿಸಿದ ಮೇಲ್‌ಗಳ ವಿಷಯ ಸಾಲು, ಯಾರಿಗೆ ಕಳಿಸಿದ್ದು, ನೀವು ಮಾಡಿಕೊಂಡ ಫೋಲ್ಡರ್‌ಗಳ ಹೆಸರು, ಹಳೆಯ ಪಾಸ್‌ವರ್ಡ್‌ಗಳು. ಇದನ್ನು ನೆನಪಿನಿಂದ ತುಂಬಲು ಕೂತರೆ ಅರ್ಧ ತಪ್ಪಾಗುತ್ತದೆ. ನಿಮ್ಮಿಂದ ಮೇಲ್ ಪಡೆದ ಇಬ್ಬರು ಮೂವರಿಗೆ ಫೋನ್ ಮಾಡಿ, ವಿಷಯ ಸಾಲನ್ನು ಅಕ್ಷರ ಬಿಡದೆ ಓದಿಸಿ ಬರೆದುಕೊಳ್ಳಿ, ಆಮೇಲೆ ತುಂಬಿ. ದಿನಕ್ಕೆ ಎರಡು ಸಲ ಮಾತ್ರ ಈ ಫಾರಂ ಕಳಿಸಬಹುದು. ಎರಡು ಹಂತದ ಪರಿಶೀಲನೆ ಆನ್ ಇದ್ದರೆ ಈ ಫಾರಂ ನಡೆಯುವುದೇ ಇಲ್ಲ. ಒಳಗೆ ಹೋಗಿ ಎಲ್ಲ ಭದ್ರತಾ ವಿವರಗಳನ್ನೂ ಬದಲಿಸಲು ಕೇಳಿಕೊಂಡರೆ 30 ದಿನ ಕಾಯಿಸುತ್ತಾರೆ. ಅದು ದೋಷವಲ್ಲ. ಕಳ್ಳನೇ ಕೇಳಿಕೊಂಡಿದ್ದರೆ ನಿಜವಾದ ಮಾಲೀಕರಿಗೆ ತಡೆಯಲು ಸಮಯ ಸಿಗಲಿ ಎಂದು ಇಟ್ಟ ಗಡುವು.

ಗುರುತಿನ ಚೀಟಿಯ ಫೋಟೋ ಕೇಳುವ ಸೇವೆಗಳೂ ಇವೆ. ನಾಲ್ಕು ಮೂಲೆಯೂ ಕಾಣಬೇಕು, ಬೆಳಕಿನ ಹೊಳಪು ಅಕ್ಷರದ ಮೇಲೆ ಬೀಳಬಾರದು, ಅಕೌಂಟಿನ ಹೆಸರು ಮತ್ತು ಚೀಟಿಯ ಹೆಸರು ಒಂದೇ ಇರಬೇಕು. ಚೀಟಿಯನ್ನು ಸೇವೆಯ ಸ್ವಂತ ಪುಟದಲ್ಲಿ ಮಾತ್ರ ಹಾಕಿ. ‘ನಾವು ಅಕೌಂಟ್ ಬಿಡಿಸಿಕೊಡುತ್ತೇವೆ, ಚೀಟಿ ಮತ್ತು ಶುಲ್ಕ ಕಳಿಸಿ’ ಎಂದು ತಾವಾಗಿ ಮೆಸೇಜ್ ಮಾಡುವವರು ಮೋಸಗಾರರು. ಲಾಕ್ ಆದವರು ಹತಾಶರಾಗಿರುತ್ತಾರೆಂದು ಅವರಿಗೆ ಚೆನ್ನಾಗಿ ಗೊತ್ತು. ಒಟಿಪಿಯನ್ನು ಯಾರೇ ಕೇಳಲಿ, ಹೇಳಬೇಡಿ.

ಮನುಷ್ಯರಿಗೆ ಬರೆಯುವ ಅವಕಾಶ ಸಿಕ್ಕಿದರೆ

ಕೆಲವು ಕಡೆ ಸಹಾಯವಾಣಿಗೆ ಬರೆಯಬಹುದು, ಕಚೇರಿಯ ಅಕೌಂಟ್ ಆದರೆ ಐಟಿ ವಿಭಾಗ ಇರುತ್ತದೆ. ‘ನಾನು ಪ್ರಾಮಾಣಿಕ, ದಯವಿಟ್ಟು ತೆರೆಯಿರಿ’ ಎಂದು ಬರೆದರೆ ಅವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ತಮ್ಮ ದಾಖಲೆಯ ಜೊತೆ ಹೋಲಿಸಿ ನೋಡುವಂಥದ್ದು ಕೊಡಿ. ಹೀಗೆ:

‘ಮಂಗಳವಾರ, ಯುಟಿಸಿ ಸಮಯ 4:10ರಿಂದ 4:25ರ ನಡುವೆ ವಿಮಾನ ನಿಲ್ದಾಣದ ವೈಫೈ ಮತ್ತು ವಿಪಿಎನ್ ಮೂಲಕ ಐದು ಸಲ ಲಾಗಿನ್ ಮಾಡಲು ಪ್ರಯತ್ನಿಸಿದೆ. ಐದೂ ನನ್ನವೇ. ನಾಲ್ಕು ನನ್ನ ಲ್ಯಾಪ್‌ಟಾಪಿನಿಂದ, ಒಂದು ಸ್ನೇಹಿತೆಯ ಫೋನಿನಿಂದ. ಆಗ ಕಂಡ ಒಂದು ಐಪಿ ವಿಳಾಸ 203.0.113.24. ಈಗ ವಿಪಿಎನ್ ಆಫ್ ಮಾಡಿ, ಎರಡು ವರ್ಷದಿಂದ ಬಳಸುತ್ತಿರುವ ಲ್ಯಾಪ್‌ಟಾಪಿನಿಂದ, ಮನೆಯ ಸಂಪರ್ಕದಿಂದ ಬರೆಯುತ್ತಿದ್ದೇನೆ. ನೋಂದಾಯಿತ ಫೋನ್ ನನ್ನ ಬಳಿಯೇ ಇದೆ.’

ಸಮಯವನ್ನು ಯುಟಿಸಿಯಲ್ಲಿ, ಅಂದರೆ ಎಲ್ಲ ದೇಶಕ್ಕೂ ಒಂದೇ ಆದ ಜಾಗತಿಕ ಸಮಯದಲ್ಲಿ ಬರೆದರೆ ಒಳ್ಳೆಯದು, ಸರ್ವರಿನ ದಾಖಲೆಗಳು ಬಹಳ ಸಲ ಅದರಲ್ಲೇ ಇರುತ್ತವೆ. ವಿಪಿಎನ್ ಬಳಸಿದ್ದನ್ನು ಮುಚ್ಚಿಡಬೇಡಿ. ಅವರಿಗೆ ಅದು ಆಗಲೇ ಕಂಡಿದೆ, ಮುಚ್ಚಿಟ್ಟರೆ ನಿಮ್ಮ ಉಳಿದ ಮಾತೂ ಹಗುರಾಗುತ್ತದೆ. ಒಂದೇ ಪತ್ರ ಕಳಿಸಿ ಕಾಯಿರಿ. ಪಾಸ್‌ವರ್ಡ್ ಅಥವಾ ಕೋಡ್ ಅದರಲ್ಲಿ ಬರೆಯಬೇಡಿ.

ಇದು ನಿಯಮ ಮುರಿದ ಆರೋಪದ ಮೇಲೆ ಮುಚ್ಚಿದ ಅಕೌಂಟ್‌ಗೆ ಹೊಂದುವುದಿಲ್ಲ. ಅದಕ್ಕೆ ಮೇಲ್ಮನವಿಯ ದಾರಿ ಬೇರೆ. ಕೆಲವು ಸೇವೆಗಳು ತಮ್ಮ ನಿಯಮದಲ್ಲೇ ವಿಪಿಎನ್ ಬೇಡ ಎಂದಿರುತ್ತವೆ, ಅಲ್ಲಿ ಇದು ನಾನೇ ಎಂದು ತೋರಿಸಿದರೂ ಕೆಲಸವಾಗದು.

ಒಳಗೆ ಹೋದ ಮೇಲೆ

ಮೊದಲ ಐದು ನಿಮಿಷ ಭದ್ರತೆಯ ಪುಟದಲ್ಲೇ ಕಳೆಯಿರಿ. ಗೂಗಲ್‌ನಲ್ಲಾದರೆ ಸಾಧನಗಳ ಪಟ್ಟಿ `myaccount.google.com/device-activity` ವಿಳಾಸದಲ್ಲಿದೆ. ನಿಮ್ಮದಲ್ಲದ ಸಾಧನ ಕಂಡರೆ ಅದನ್ನು ಹೊರಗೆ ಹಾಕಿ ಪಾಸ್‌ವರ್ಡ್ ಬದಲಿಸಿ. ಎಲ್ಲವೂ ನಿಮ್ಮದೇ ಆಗಿದ್ದರೆ ಪಾಸ್‌ವರ್ಡ್ ತಕ್ಷಣ ಬದಲಿಸುವ ಅಗತ್ಯವಿಲ್ಲ. ಆಮೇಲೆ ವಾಪಸಾತಿಯ ಫೋನ್ ಮತ್ತು ಮೇಲ್ ಇನ್ನೂ ನಿಮ್ಮ ಕೈಯಲ್ಲಿವೆಯಾ ನೋಡಿ. ಮೇಲ್ ಬೇರೆಲ್ಲಿಗೋ ತಾನಾಗಿ ಹೋಗುವಂತೆ ಫಾರ್ವರ್ಡ್ ಇಟ್ಟಿಲ್ಲ ಎಂದೂ ಖಚಿತ ಮಾಡಿಕೊಳ್ಳಿ. ಒಳನುಗ್ಗಿದವರು ಬಿಟ್ಟುಹೋಗುವ ಕಳ್ಳದಾರಿ ಅದು.

ಮುಂದಿನ ಪ್ರಯಾಣಕ್ಕೆ ನಾನು ಮಾಡಿಕೊಂಡ ಏರ್ಪಾಡು ಮೂರೇ. ವಿಪಿಎನ್ ಆ್ಯಪ್‌ನ ಸ್ಪ್ಲಿಟ್ ಟನೆಲಿಂಗ್ ಸೆಟ್ಟಿಂಗ್‌ನಲ್ಲಿ ಮೇಲ್ ಆ್ಯಪ್ ಅನ್ನು ಹೊರಗಿಟ್ಟೆ. ಉಳಿದದ್ದೆಲ್ಲ ವಿಪಿಎನ್ ಮೂಲಕ ಹೋಗುತ್ತದೆ, ಮೇಲ್ ನೇರವಾಗಿ ಹೋಗುತ್ತದೆ. ಮೇಲ್ ಆ್ಯಪ್ ಮತ್ತು ಸರ್ವರಿನ ನಡುವಿನ ಸಂಪರ್ಕ ಈಗ ಹೇಗೂ ಗೂಢಲಿಪಿಯಲ್ಲೇ ನಡೆಯುವುದರಿಂದ ನನಗೆ ಇದು ಒಪ್ಪಿಗೆಯಾಯಿತು. ಎರಡನೆಯದು ಹೊರಡುವ ಹಿಂದಿನ ದಿನ ಮನೆಯ ಜಾಲದಲ್ಲೇ ಎಲ್ಲ ಅಕೌಂಟ್‌ಗೂ ಲಾಗಿನ್ ಆಗಿ, ಹಾಗೆಯೇ ಬಿಡುವುದು. ಹೊಸ ಜಾಲದಲ್ಲಿ ಹೊಸದಾಗಿ ಪಾಸ್‌ವರ್ಡ್ ಹಾಕುವುದಕ್ಕಿಂತ ಆಗಲೇ ತೆರೆದಿರುವುದನ್ನು ಮುಂದುವರಿಸಿದರೆ ತಡೆ ಕಡಿಮೆ. ಮೂರನೆಯದು ಬ್ಯಾಕಪ್ ಕೋಡ್‌ನ ಹಾಳೆ. ಅದು ಪರ್ಸಿನಲ್ಲಿದೆ, ಫೋನಿನ ಜೊತೆಗಲ್ಲ. ಅದರ ಮೇಲೆ ಯಾವ ಅಕೌಂಟ್ ಎಂದು ಬರೆದಿಲ್ಲ.